ಗಲ್ಫ್‌ನಿಂದ ಬರುವ ಹಣ ಮೊದಲು ಯಾರ ಮನೆಗೆ ಹೋಗುತ್ತೆ?

ವಲಸೆ ಬಗ್ಗೆ ನಮ್ಮಲ್ಲಿ ಚರ್ಚೆ ಶುರುವಾದರೆ ಎರಡು ಪಟ್ಟಿಗಳು ಸಿದ್ಧವಾಗಿರುತ್ತವೆ. ಊರಿಂದ ದೂಡುವ ಕಾರಣಗಳು: ಕೆಲಸ ಇಲ್ಲ, ಕೂಲಿ ಕಡಿಮೆ, ಜಮೀನು ಸಾಲದು, ಸಾಲ ಇದೆ. ಆಚೆಯಿಂದ ಸೆಳೆಯುವ ಕಾರಣಗಳು: ಹೆಚ್ಚಿನ ಸಂಬಳ, ಮೊದಲೇ ಹೋಗಿರುವ ಅಣ್ಣ ಅಥವಾ ಭಾವ, ಪಕ್ಕದ ಮನೆಯವರು ಕಟ್ಟಿಸಿದ ಹೊಸ ಮಹಡಿ. ಪುಶ್ ಮತ್ತು ಪುಲ್. ಪದವಿಯ ಸಮಾಜಶಾಸ್ತ್ರ ಪುಸ್ತಕದಲ್ಲೂ ಇದೇ, ಟಿವಿ ಚರ್ಚೆಯಲ್ಲೂ ಇದೇ.

ಪಟ್ಟಿ ಸುಳ್ಳಲ್ಲ. ಆದರೆ ಎರಡು ಪಟ್ಟಿಗಳ ನಡುವೆ ಒಂದು ಖಾಲಿ ಜಾಗ ಇದೆ. ಊರಿಂದ ಗಲ್ಫ್‌ಗೆ ಹೋಗೋಕೆ ಎಷ್ಟು ಖರ್ಚಾಗುತ್ತೆ, ಆ ದುಡ್ಡು ಎಲ್ಲಿಂದ ಬರುತ್ತೆ, ತೀರಿಸೋದು ಯಾರು ಅನ್ನೋ ಪ್ರಶ್ನೆ ಅಲ್ಲಿದೆ. ಅದನ್ನು ಬಿಟ್ಟರೆ ಆಮೇಲೆ ಮನೆಗೆ ಬರುವ ಹಣ ಕುಟುಂಬಕ್ಕೆ ಏನು ಮಾಡುತ್ತೆ ಅನ್ನೋದೂ ಅರ್ಥವಾಗೋಲ್ಲ ಅಂತ ನನ್ನ ವಾದ. ಭಾರತದಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವ ವಲಸೆಯ ದಾರಿ ಕೇರಳದಿಂದ ಗಲ್ಫ್‌ಗೆ ಹೋಗುವುದು. ನಮ್ಮ ಕರಾವಳಿಯವರೂ ಬಹುಪಾಲು ಅದೇ ಬಗೆಯ ದಾರಿ ಹಿಡಿದವರು. ಹಾಗಾಗಿ ಈ ಬರಹದಲ್ಲಿ ಆ ದಾರಿಯನ್ನೇ ಹಿಡಿದು ಹೋಗೋಣ.

ಪುಶ್, ಪುಲ್ ಮತ್ತು ನಡುವಿನ ಅಡ್ಡಿ

ಪುಶ್-ಪುಲ್ ಚೌಕಟ್ಟನ್ನು ಜನಪ್ರಿಯ ಮಾಡಿದ್ದು ಎವರೆಟ್ ಲೀ ಅನ್ನುವ ಅಮೆರಿಕದ ಜನಸಂಖ್ಯಾ ತಜ್ಞ, 1966ರ ಒಂದು ಲೇಖನದಲ್ಲಿ. ಆತ ಹೇಳಿದ್ದು ಎರಡು ಸಂಗತಿ ಅಲ್ಲ, ನಾಲ್ಕು. ಹೊರಡುವ ಊರಿನ ಸ್ಥಿತಿ, ತಲುಪುವ ಊರಿನ ಸ್ಥಿತಿ, ಎರಡರ ನಡುವೆ ಬರುವ ಅಡ್ಡಿಗಳು, ಮತ್ತೆ ಆ ವ್ಯಕ್ತಿಯ ಸ್ವಂತ ಪರಿಸ್ಥಿತಿ. ಕಾಲಾಂತರದಲ್ಲಿ ಮೊದಲ ಎರಡು ಮಾತ್ರ ನೆನಪಲ್ಲಿ ಉಳಿದವು, ಕೊನೆಯ ಎರಡು ಉದುರಿಹೋದವು. ಗಲ್ಫ್ ವಲಸೆಯನ್ನು ಅರ್ಥ ಮಾಡಿಕೊಳ್ಳೋಕೆ ಬೇಕಾಗಿರೋದು ಉದುರಿಹೋದ ಆ ಎರಡೇ.

ಸೆಳೆತ ಹುಟ್ಟಿದ ಕ್ಷಣ ನಮಗೆ ನಿಖರವಾಗಿ ಗೊತ್ತು. 1973ರ ಕೊನೆಯ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 3 ಡಾಲರ್‌ನಿಂದ 12 ಡಾಲರ್ ಹತ್ತಿರಕ್ಕೆ ಹಾರಿತು. ಗಲ್ಫ್ ದೇಶಗಳ ಬಳಿ ಏಕಾಏಕಿ ಹಣ ಬಂತು, ಆದರೆ ರಸ್ತೆ, ಬಂದರು, ಆಸ್ಪತ್ರೆ, ಮನೆ ಕಟ್ಟೋಕೆ ಬೇಕಾದಷ್ಟು ಜನ ಅಲ್ಲಿರಲಿಲ್ಲ. ಇತ್ತ ಕೇರಳದಲ್ಲಿ ಓದಿದವರು ದೇಶದಲ್ಲೇ ಹೆಚ್ಚು, ಓದಿಗೆ ತಕ್ಕ ಕೆಲಸ ಮಾತ್ರ ತೀರಾ ಕಡಿಮೆ. ದೂಡುವುದೂ ಸೆಳೆಯುವುದೂ ಒಟ್ಟಿಗೆ ಕೂಡಿ ಬಂದವು.

ಅದಕ್ಕೆ ಮುಂಚೆಯೇ ದಾರಿ ಒಂದಷ್ಟು ಸವೆದಿತ್ತು ಅನ್ನೋದನ್ನು ಮರೆಯಬಾರದು. ಮಲಬಾರಿನಿಂದ ಅರಬ್ ತೀರಕ್ಕೆ ಹಾಯಿಹಡಗಿನ ವ್ಯಾಪಾರ ಶತಮಾನಗಳಷ್ಟು ಹಳೆಯದು. 1960ರ ದಶಕದ ಮಧ್ಯದವರೆಗೂ ಇಂದಿನ ಯುಎಇ ಇರುವ ಪ್ರದೇಶದಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸಿದ 'ಗಲ್ಫ್ ರುಪಾಯಿ'. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಬಹಳಷ್ಟು ಜನರಿಗೆ ಮೆಟ್ಟಿಲಾಗಿದ್ದು ಮುಂಬೈ. ಮೊದಲು ಅಲ್ಲಿ ಹೋಟೆಲಿನಲ್ಲೋ ಕಂಪನಿಯಲ್ಲೋ ಕೆಲಸ, ಅಲ್ಲೇ ಏಜೆಂಟರ ಪರಿಚಯ, ಅಲ್ಲಿಂದ ದುಬೈ, ಕುವೈತ್, ಬಹರೇನ್. ಭಟ್ಕಳದಂಥ ಊರಿನಲ್ಲಿ ಒಬ್ಬರು ಹೋಗಿ ಇನ್ನೊಬ್ಬರನ್ನು ಕರೆಸಿಕೊಳ್ಳುವುದೇ ಪದ್ಧತಿಯಾಯ್ತು.

ಈಗ ಒಂದು ವಿಚಿತ್ರ ನೋಡಿ. ದೂಡುವ ಕಾರಣ ಬಡತನವೇ ಆಗಿದ್ದರೆ ಕೇರಳದಲ್ಲಿ ಅತಿ ಬಡವರೇ ಹೆಚ್ಚು ಹೋಗಬೇಕಿತ್ತು. ಹಾಗಾಗಲಿಲ್ಲ. ಆದಿವಾಸಿ ಸಮುದಾಯಗಳಿಂದ ಗಲ್ಫ್‌ಗೆ ಹೋದವರು ತೀರಾ ಕಡಿಮೆ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಸಂಶೋಧಕರು 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿದರು. ಅದರ ಇತ್ತೀಚಿನ ಸುತ್ತುಗಳಲ್ಲಿ ವಲಸಿಗರ ಸಂಖ್ಯೆಯಲ್ಲಿ ಮುಂದಿರೋದು ಮಲಪ್ಪುರಂ ಜಿಲ್ಲೆ. ಅಲ್ಲಿ ದುಡ್ಡಿನ ಕೊರತೆ ಇತ್ತು ನಿಜ, ಅದರ ಜೊತೆಗೆ ಸಾಲ ಹುಟ್ಟಿಸುವ ಶಕ್ತಿ ಮತ್ತು ಆಚೆ ಕಡೆ ಕೈ ಹಿಡಿಯುವ ನೆಂಟರೂ ಇದ್ದರು. ಹೋಗಬೇಕು ಅನ್ನಿಸೋದಕ್ಕೆ ಬಡತನ ಸಾಕು. ಹೋಗೋಕೆ ಆಗಬೇಕಾದರೆ ಅಡ ಇಡೋಕೆ ಏನಾದರೂ ಇರಬೇಕು.

ನಾನು ಎಂಜಿನಿಯರಿಂಗ್ ಓದುವಾಗ ಬ್ಯಾಟರಿಯ ವೋಲ್ಟೇಜ್ ಒಂದನ್ನೇ ನೋಡಿ ಎಷ್ಟು ಕರೆಂಟ್ ಹರಿಯುತ್ತೆ ಅಂತ ಹೇಳಿದರೆ ಮೇಷ್ಟ್ರು ಬಯ್ಯುತ್ತಿದ್ದರು. ನಡುವೆ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ಕೇಳಬೇಕು. ವಲಸೆಯಲ್ಲೂ ಅಷ್ಟೇ. ಆ ರೆಸಿಸ್ಟೆನ್ಸ್ ಅನ್ನು ರೂಪಾಯಿಯಲ್ಲೇ ಅಳೆಯಬಹುದು.

ಒಂದು ಲೆಕ್ಕ ಮಾಡಿ ನೋಡೋಣ

ಕುಂದಾಪುರದ ಕಡೆಯ 26 ವರ್ಷದ ಒಬ್ಬ ಎಲೆಕ್ಟ್ರಿಷಿಯನ್ ಅಂತ ಇಟ್ಟುಕೊಳ್ಳಿ. ಈತ ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ವ್ಯಕ್ತಿ, ಮೊತ್ತಗಳೂ ಲೆಕ್ಕಕ್ಕೆ ಅನುಕೂಲವಾಗಲಿ ಅಂತ ನಾನೇ ಇಟ್ಟುಕೊಂಡವು. ಹತ್ತನೇ ಕ್ಲಾಸ್ ಪಾಸಾಗಿದೆ, ಮದುವೆಯಾಗಿದೆ, ಊರಲ್ಲಿ ತಿಂಗಳಿಗೆ 15,000 ರೂಪಾಯಿ ದುಡಿಮೆ. ದುಬೈ ಕಂಪನಿಯೊಂದರಲ್ಲಿ ಎರಡು ವರ್ಷದ ಕರಾರು, ತಿಂಗಳಿಗೆ ಎಲ್ಲ ಸೇರಿ 1,500 ದಿರ್ಹಮ್, ಇರೋಕೆ ಕಂಪನಿಯ ಕ್ಯಾಂಪ್. ಒಂದು ದಿರ್ಹಮ್‌ಗೆ 22 ರೂಪಾಯಿ ಅಂತ ಹಿಡಿದರೆ 33,000 ರೂಪಾಯಿ. ಊರಿನ ಸಂಬಳದ ಎರಡು ಪಟ್ಟಿಗಿಂತ ಜಾಸ್ತಿ. ಪುಲ್ ಅಂದರೆ ಇದೇ.

ಏಜೆಂಟ್, ಟಿಕೆಟ್, ಮೆಡಿಕಲ್, ವೀಸಾ ಎಲ್ಲ ಸೇರಿ 1,20,000 ರೂಪಾಯಿ ಕೇಳುತ್ತಾರೆ. ಹೆಂಡತಿಯ ಚಿನ್ನ ಬ್ಯಾಂಕಿನಲ್ಲಿ ಅಡ ಇಟ್ಟು 40,000 ಬಂತು, ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಉಳಿದ 80,000 ಕೈಸಾಲ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಸಾಲ ತಂದ ದಿನದಿಂದ ಮೊದಲ ಹಣ ಊರಿಗೆ ಬರೋಕೆ ಎರಡು ತಿಂಗಳು ಬೇಕು. ಆ ಹೊತ್ತಿಗಾಗಲೇ ಸಾಲ 1,25,600 ಆಗಿರುತ್ತೆ.

ಆತ ಊಟ, ಫೋನ್, ಸೋಪು ಅಂತ 450 ದಿರ್ಹಮ್ ಇಟ್ಟುಕೊಂಡು 1,050 ಕಳಿಸುತ್ತಾನೆ, ಅಂದರೆ ಸುಮಾರು 23,000 ರೂಪಾಯಿ. ಮನೆ ಖರ್ಚಿಗೆ 11,000 ಹೋದರೆ ಸಾಲಕ್ಕೆ 12,000 ಉಳಿಯಿತು. ದುಬಾರಿ ಬಡ್ಡಿಯ ಕೈಸಾಲ ಮೊದಲು, ಚಿನ್ನ ಆಮೇಲೆ. ಕೈಸಾಲ ತೀರೋದು ಎಂಟನೇ ಕಂತಿನಲ್ಲಿ. ಚಿನ್ನ ಮನೆಗೆ ಬರೋದು ಹನ್ನೆರಡನೇ ಕಂತಿನಲ್ಲಿ. ಬಡ್ಡಿಗೆ ಹೋಗಿದ್ದು ಸುಮಾರು 18,000. ಅಂದರೆ ಎರಡು ವರ್ಷದ ಕರಾರಿನಲ್ಲಿ ಅರ್ಧ ಅವಧಿ ಮನೆಯ ಸ್ಥಿತಿ ಮೊದಲಿದ್ದ ಹಾಗೇ ಇತ್ತು, ಒಬ್ಬ ಮನುಷ್ಯ ಮಾತ್ರ ಮನೆಯಲ್ಲಿರಲಿಲ್ಲ.

ಈಗ ಇದೇ ಲೆಕ್ಕದಲ್ಲಿ ಒಂದೊಂದೇ ಅಂಕಿ ಬದಲಿಸಿ ನೋಡಿ. ನಮ್ಮ ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಅಂದರೆ 35,400. ಮೆಡಿಕಲ್, ಕಾಗದಪತ್ರಕ್ಕೆ ಇನ್ನೊಂದು 15,000 ಸೇರಿಸಿ, ಟಿಕೆಟ್ ಕಂಪನಿಯದ್ದು ಅಂತ ಹಿಡಿಯಿರಿ. ಈ 50,400 ಪೂರ್ತಿ ಮೂರು ಪರ್ಸೆಂಟ್ ಬಡ್ಡಿಗೆ ತಂದರೂ ಐದನೇ ಕಂತಿಗೆ ಸಾಲ ಮುಗಿಯುತ್ತೆ, ಚಿನ್ನ ಪೆಟ್ಟಿಗೆಯಿಂದ ಹೊರಗೇ ಬಂದಿರೋಲ್ಲ. ಅಂದರೆ ಏಜೆಂಟ್ ಮೇಲೆ ಹೇರುವ ಹೆಚ್ಚುವರಿ ದುಡ್ಡು ಕುಟುಂಬದ ಏಳು ತಿಂಗಳ ಉಳಿತಾಯ.

ಇನ್ನೊಂದು ಬದಲಾವಣೆ ಇದಕ್ಕಿಂತ ಕ್ರೂರ. ಇಲ್ಲಿ ತೋರಿಸಿದ ಕರಾರಿನಲ್ಲಿ 1,500 ಅಂತಿತ್ತು, ಅಲ್ಲಿ ಇಳಿದ ಮೇಲೆ ಸಹಿ ಹಾಕಿಸಿದ ಕಾಗದದಲ್ಲಿ 1,200 ಇದೆ. ಇದು ಗಲ್ಫ್ ವಲಸೆಯಲ್ಲಿ ಹಳೆಯ, ಎಲ್ಲರಿಗೂ ಗೊತ್ತಿರುವ ಮೋಸ. 300 ದಿರ್ಹಮ್ ಕಡಿಮೆ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಆತನ ಊಟದ ಖರ್ಚು ಕಡಿಮೆ ಆಗೋಲ್ಲ, ಮನೆ ಖರ್ಚೂ ಕಡಿಮೆ ಆಗೋಲ್ಲ. ಪೂರ್ತಿ ಪೆಟ್ಟು ಸಾಲದ ಕಂತಿನ ಮೇಲೆ ಬೀಳುತ್ತೆ. ತಿಂಗಳಿಗೆ 12,000 ಕಟ್ಟುತ್ತಿದ್ದದ್ದು 5,500 ಆಗುತ್ತೆ. ಅದರಲ್ಲಿ ಮೊದಮೊದಲು ಎರಡು ಸಾವಿರಕ್ಕೂ ಹೆಚ್ಚು ಬರೀ ಬಡ್ಡಿ. ಕೈಸಾಲ ಒಂದನ್ನು ತೀರಿಸೋಕೇ 21 ಕಂತು ಬೇಕು. ಅಷ್ಟರೊಳಗೆ ಚಿನ್ನದ ಸಾಲ ಐವತ್ತು ಸಾವಿರದ ಹತ್ತಿರ ಬೆಳೆದಿರುತ್ತೆ, ಎರಡು ವರ್ಷದ ಕರಾರು ಮುಗಿಯುವ ಹೊತ್ತಿಗೂ ಚಿನ್ನ ಇನ್ನೂ ಬ್ಯಾಂಕಿನಲ್ಲೇ ಇದೆ. ಇಂಥವನು ಕರಾರು ಮುಗೀತು ಅಂತ ವಾಪಸ್ ಬರೋಕಾಗುತ್ತಾ? ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತಾನೆ. ಹೊರಗಿನಿಂದ ನೋಡುವವರು ಅದನ್ನು 'ಗಲ್ಫ್ ಆಸೆ' ಅನ್ನುತ್ತಾರೆ. ಆತನನ್ನು ಅಲ್ಲಿ ಹಿಡಿದಿಟ್ಟಿರೋದು ಊರಿನ ಸಾಲ.

ಕುಟುಂಬ ಹಿಂದೆ ಉಳಿಯೋದು ಯಾಕೆ

'ಹಿಂದೆ ಉಳಿದ ಕುಟುಂಬ' ಅನ್ನುವಾಗ ಅದು ಏನೋ ಸಹಜವಾಗಿ ಆದ ಸಂಗತಿ ಅನ್ನಿಸುತ್ತೆ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಸಾಫ್ಟ್‌ವೇರ್ ಎಂಜಿನಿಯರ್ ಸಾಮಾನ್ಯವಾಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಹೋಗುತ್ತಾನೆ. ಎಲೆಕ್ಟ್ರಿಷಿಯನ್ ಯಾಕೆ ಬಿಟ್ಟು ಹೋಗುತ್ತಾನೆ? ಉತ್ತರ ವೀಸಾ ನಿಯಮದಲ್ಲಿದೆ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ತಿಂಗಳ ಸಂಬಳ ಕನಿಷ್ಠ 4,000 ದಿರ್ಹಮ್ ಇರಬೇಕು, ಅಥವಾ 3,000 ದಿರ್ಹಮ್ ಜೊತೆಗೆ ವಸತಿ. ನಮ್ಮ ಲೆಕ್ಕದ ಹುಡುಗನಿಗೆ ಸಿಗೋದು 1,500.

ಮೊದಲೇ ಕರೆಸಿಕೊಂಡಿದ್ದವರನ್ನು ಕಾನೂನು ಹಿಂದಕ್ಕೆ ಕಳಿಸಿದ್ದೂ ಉಂಟು. ಸೌದಿ ಅರೇಬಿಯಾ 2017ರಲ್ಲಿ ವಿದೇಶಿ ಕೆಲಸಗಾರರ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, ವರ್ಷ ವರ್ಷ ಏರಿಸಿ 2020ಕ್ಕೆ 400 ರಿಯಾಲ್ ಮಾಡಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಸಾಧಾರಣ ಸಂಬಳದವರಿಗೆ ಕುಟುಂಬವನ್ನು ಊರಿಗೆ ಕಳಿಸೋದು ಬಿಟ್ಟು ಬೇರೆ ದಾರಿ ಕಷ್ಟವಾಯ್ತು.

ಇದರ ಜೊತೆಗೆ ಗಲ್ಫ್‌ನಲ್ಲಿ ಸಾಮಾನ್ಯ ಕೆಲಸಗಾರನಿಗೆ ಪೌರತ್ವದ ದಾರಿ ಇಲ್ಲ. ಕೆಲಸ ಹೋದರೆ ಇರುವ ಹಕ್ಕೂ ಹೋಗುತ್ತೆ. ಹಾಗಾಗಿ ದುಡಿಯುವವನ ದೇಹ ಅಲ್ಲಿ, ಆತನ ಬದುಕು, ಮುಪ್ಪು, ಮನೆ ಎಲ್ಲ ಇಲ್ಲಿ. ಗಲ್ಫ್ ವಲಸಿಗರು ಗಳಿಕೆಯಲ್ಲಿ ಅಷ್ಟು ದೊಡ್ಡ ಪಾಲನ್ನು ಊರಿಗೆ ಕಳಿಸೋಕೆ ಇದೇ ಮುಖ್ಯ ಕಾರಣ. ಅಲ್ಲಿ ಹಣ ಹೂಡೋಕೆ ಅವರಿಗೆ ಬದುಕೇ ಇಲ್ಲ.

ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ 2023-24ರಲ್ಲಿ ಭಾರತಕ್ಕೆ ಹೀಗೆ ಬಂದ ಹಣದಲ್ಲಿ ಅಮೆರಿಕದ ಪಾಲು ಸುಮಾರು 28%, ಯುಎಇ ಪಾಲು ಸುಮಾರು 19%. ರಾಜ್ಯಗಳಲ್ಲಿ ಕೇರಳಕ್ಕೆ ಬಂದದ್ದು ಸುಮಾರು 20%, ಕರ್ನಾಟಕಕ್ಕೆ ಸುಮಾರು 8%. ಸರ್ಕಾರಗಳು ಈ ಒಟ್ಟು ಮೊತ್ತವನ್ನು ಹೆಮ್ಮೆಯಿಂದ ಹೇಳುತ್ತವೆ. ಆದರೆ ಅಮೆರಿಕದ ಎಂಜಿನಿಯರ್ ಫ್ಲಾಟ್ ಕಂತಿಗೆ ಕಳಿಸಿದ ಹಣವೂ, ಕ್ಯಾಂಪಿನಲ್ಲಿ ಅಡುಗೆ ಮಾಡಿಕೊಂಡು ಉಳಿಸಿದವನು ಮಗುವಿನ ಫೀಸಿಗೆ ಕಳಿಸಿದ ಹಣವೂ ಒಂದೇ ಕಾಲಂನಲ್ಲಿ ಕೂತಿರುತ್ತವೆ. ಎರಡೂ ಮನೆಯಲ್ಲಿ ಮಾಡುವ ಕೆಲಸ ಒಂದೇ ಅಲ್ಲ.

ಹಣ ಮನೆಯೊಳಗೆ ಬಂದ ಮೇಲೆ

ಸಾಲ ತೀರಿದ ಮೇಲೆ ಏನಾಗುತ್ತೆ? ಸಾಮಾನ್ಯವಾಗಿ ದಿನನಿತ್ಯದ ಊಟ, ಔಷಧ, ಮಕ್ಕಳ ಶಾಲೆ ಸುಧಾರಿಸುತ್ತೆ. ಆಮೇಲೆ ಮನೆ, ಮದುವೆ, ಜಮೀನು. 'ಇವರು ಎಲ್ಲಾ ದುಡ್ಡನ್ನು ಸಿಮೆಂಟಿಗೆ ಸುರಿಯುತ್ತಾರೆ, ಉದ್ಯಮಕ್ಕೆ ಹಾಕೋಲ್ಲ' ಅನ್ನುವ ಟೀಕೆ ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಹಳೆಯದು. ನನಗೆ ಈ ಟೀಕೆ ಅರ್ಧಂಬರ್ಧ ಅನ್ನಿಸುತ್ತೆ. ಪಿಂಚಣಿ ಇಲ್ಲದ, ಯಾವಾಗ ಬೇಕಾದರೂ ವಾಪಸ್ ಕಳಿಸಬಹುದಾದ ಕೆಲಸಗಾರನಿಗೆ ಮನೆ ಅಂದರೆ ಉಳಿತಾಯ ಖಾತೆ, ವೃದ್ಧಾಪ್ಯದ ವಿಮೆ ಮತ್ತು ಊರಲ್ಲಿ ಸಾಲ ಹುಟ್ಟುವ ಯೋಗ್ಯತೆ, ಮೂರೂ. ದೂರದಲ್ಲಿರುವವನು ಅಂಗಡಿ ಇಟ್ಟರೆ ನೋಡಿಕೊಳ್ಳೋದು ಯಾರು? ಗೋಡೆಯನ್ನು ಮಾತ್ರ ಯಾರೂ ನೋಡಿಕೊಳ್ಳಬೇಕಾಗಿಲ್ಲ.

ಹಾಗಾದರೆ ವಿದೇಶದ ಹಣದಿಂದ ಕುಟುಂಬಕ್ಕೆ ನಿಜಕ್ಕೂ ಒಳ್ಳೆಯದಾಗುತ್ತಾ? ಇದಕ್ಕೆ ಉತ್ತರಿಸೋದು ಕಾಣುವಷ್ಟು ಸುಲಭ ಅಲ್ಲ. ಗಲ್ಫ್ ಮನೆಗಳನ್ನೂ ಬೇರೆ ಮನೆಗಳನ್ನೂ ಹೋಲಿಸಿದರೆ ಗಲ್ಫ್ ಮನೆ ಚೆನ್ನಾಗಿರುತ್ತೆ. ಆದರೆ ಅಡ ಇಡೋಕೆ ಚಿನ್ನ ಇದ್ದವರು, ಚುರುಕಾದವರು, ಬಂಧುಗಳು ಇದ್ದವರೇ ಹೋಗಿದ್ದಲ್ವಾ? ಅವರು ಹೋಗದೇ ಇದ್ದರೂ ಸ್ವಲ್ಪ ಚೆನ್ನಾಗೇ ಇರುತ್ತಿದ್ದರೋ ಏನೋ.

ಈ ಗೊಂದಲ ಬಿಡಿಸೋಕೆ ಬಾಂಗ್ಲಾದೇಶದಲ್ಲಿ ಒಂದು ಅಪರೂಪದ ಅವಕಾಶ ಸಿಕ್ಕಿತು. 2013ರಲ್ಲಿ ಅಲ್ಲಿನ ಸರ್ಕಾರ ಮಲೇಷ್ಯಾದೊಂದಿಗೆ ಮಾಡಿಕೊಂಡಿದ್ದ ನೇರ ಒಪ್ಪಂದದ ಮೇಲೆ ಏಜೆಂಟರನ್ನು ದೂರವಿಟ್ಟು, ಸಾಮಾನ್ಯ ಕೆಲಸಗಾರರಿಗೆ ಲಾಟರಿ ಮೂಲಕ ವೀಸಾ ಹಂಚಿತು. ಅರ್ಜಿ ಹಾಕಿದವರು ಸುಮಾರು 14 ಲಕ್ಷ. ಲಾಟರಿ ಆದ್ದರಿಂದ ಗೆದ್ದವರಿಗೂ ಸೋತವರಿಗೂ ಅದೃಷ್ಟ ಬಿಟ್ಟು ಬೇರೆ ವ್ಯತ್ಯಾಸ ಇಲ್ಲ. ಅರ್ಥಶಾಸ್ತ್ರಜ್ಞ ಮುಷ್ಫಿಕ್ ಮೊಬಾರಕ್ ಮತ್ತು ಜೊತೆಗಾರರು ಇವರಲ್ಲಿ 3,512 ಜನರ ಕುಟುಂಬಗಳನ್ನು ಕೆಲವು ವರ್ಷಗಳ ನಂತರ ಹುಡುಕಿ ಮಾತಾಡಿಸಿದರು.

ಗೆದ್ದವರ ಕುಟುಂಬದ ಜೀವನಮಟ್ಟ ಗಣನೀಯವಾಗಿ ಏರಿತ್ತು. ಮನೆಯಲ್ಲಿ ಉಳಿದವರು ಸೋಮಾರಿಗಳಾಗಿರಲಿಲ್ಲ, ಅವರ ದುಡಿಮೆ ಕಡಿಮೆಯಾಗಿರಲಿಲ್ಲ. ಮನೆಯ ತೀರ್ಮಾನಗಳಲ್ಲಿ ಹೆಂಗಸರ ಮಾತಿಗೆ ಬೆಲೆ ಹೆಚ್ಚಿತ್ತು. ಇನ್ನೊಂದು ಕಡೆ, ಮದುವೆ, ಹೆರಿಗೆ, ಬೇರೆ ಸಂಸಾರ ಹೂಡೋದು ಎಲ್ಲ ಮುಂದಕ್ಕೆ ಹೋಗಿದ್ದವು. ಮನೆಯಿಂದ ಶುರುವಾಗುವ ಸಣ್ಣ ವ್ಯಾಪಾರಗಳು ಕಡಿಮೆಯಾಗಿದ್ದವು, ಯಾಕಂದರೆ ಅಂಥದ್ದಕ್ಕೆ ಮುಂದೆ ಬರುವ ಮನುಷ್ಯನೇ ಮಲೇಷ್ಯಾದಲ್ಲಿದ್ದ. ಲಾಭ ಖಂಡಿತ ಇದೆ. ಅದಕ್ಕೆ ಕೊಟ್ಟ ಬೆಲೆ ಹಣದ ರೂಪದಲ್ಲಿ ಕಾಣಿಸೋಲ್ಲ. ಈ ಲಾಭವೂ ಏಜೆಂಟ್ ಇಲ್ಲದ, ಅಗ್ಗದ ದಾರಿಯಲ್ಲಿ ಸಿಕ್ಕಿದ್ದು ಅನ್ನೋದನ್ನು ನೆನಪಿಡಿ.

ಪಾಸ್‌ಬುಕ್ ಯಾರ ಕೈಯಲ್ಲಿ

ಹೆಂಗಸರ ಮಾತಿಗೆ ಬೆಲೆ ಹೆಚ್ಚೋದು ಎಲ್ಲಾ ಮನೆಯಲ್ಲೂ ಒಂದೇ ಥರ ಅಲ್ಲ. ಭಾರತದಲ್ಲಿ ಗಂಡ ಬೇರೆ ಊರಿಗೆ ದುಡಿಯೋಕೆ ಹೋದ ಮನೆಗಳ ಬಗ್ಗೆ ಸೋನಾಲ್ಡೆ ದೇಸಾಯಿ ಮತ್ತು ಮಂಜಿಷ್ಠಾ ಬ್ಯಾನರ್ಜಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸರಳ ವಿಷಯ ತೋರಿಸಿತು. ಹೆಂಡತಿ ಬೇರೆ ಮನೆ ಮಾಡಿಕೊಂಡಿದ್ದರೆ ಆಕೆಯ ಸ್ವಾತಂತ್ರ್ಯವೂ ಹೆಚ್ಚುತ್ತೆ, ಹೊರೆಯೂ ಹೆಚ್ಚುತ್ತೆ. ಅತ್ತೆ ಮಾವನ ಜೊತೆ ಇದ್ದರೆ ಎರಡೂ ಅಷ್ಟಾಗಿ ಬದಲಾಗೋಲ್ಲ. ಅಂದರೆ ಗಂಡನ ಜಾಗ ಖಾಲಿಯಾದಾಗ ಅದು ಯಾರಿಗೆ ಸಿಗುತ್ತೆ ಅನ್ನೋದು ಪ್ರಶ್ನೆ. ಕೂಡು ಕುಟುಂಬದಲ್ಲಿ ಅದು ಹೆಚ್ಚಾಗಿ ಮಾವನಿಗೋ ಮೈದುನನಿಗೋ ಹೋಗುತ್ತೆ.

ಇದನ್ನು ತಿಳಿಯೋಕೆ ಪಾಸ್‌ಬುಕ್ ನೋಡಿದರೆ ಸಾಕು. ಹಣ ಯಾರ ಹೆಸರಿಗೆ ಬರುತ್ತೆ? ವಿದೇಶದಲ್ಲಿರುವವರ ಎನ್‌ಆರ್‌ಇ ಖಾತೆಗೆ ಊರಲ್ಲಿರುವ ಹೆಂಡತಿಯನ್ನು ಜಂಟಿಯಾಗಿ ಸೇರಿಸಬಹುದು. ಆದರೆ ಸೇರಿಸಿದ ಮಾತ್ರಕ್ಕೆ ಆಕೆ ಹಣ ತೆಗೆಯೋಕಾಗೋಲ್ಲ. ನಿಯಮದ ಪ್ರಕಾರ ಖಾತೆ ನಡೆಸುವ ಹಕ್ಕು ಗಂಡನದ್ದೇ, ಆತನ ನಂತರವೇ ಆಕೆಯದ್ದು. ಈಗಲೇ ನಡೆಸಬೇಕಾದರೆ ಆತ ಪ್ರತ್ಯೇಕವಾಗಿ ಅಧಿಕಾರ ಪತ್ರ ಬರೆದು ಕೊಡಬೇಕು. ಇದು ಗೊತ್ತಿಲ್ಲದೆ ಬಹಳ ಮನೆಗಳಲ್ಲಿ ಎಟಿಎಂ ಕಾರ್ಡ್ ಮಾತ್ರ ಬಿಟ್ಟು ಹೋಗಿರುತ್ತಾರೆ. ಕಾರ್ಡ್ ಬ್ಲಾಕ್ ಆದ ದಿನ ಮನೆಯ ಖರ್ಚು ನಿಲ್ಲುತ್ತೆ. ಆಕೆ ಮನೆ ನಡೆಸುವ ಹೊಣೆ ಪೂರ್ತಿ ಹೊತ್ತಿರುತ್ತಾಳೆ, ಸಹಿಯ ಅಧಿಕಾರ ಮಾತ್ರ ಆಕೆಗಿರೋಲ್ಲ. ಜಮೀನಿನ ಖಾತೆ ಬದಲಾವಣೆ, ಮನೆ ಸಾಲ ಎಲ್ಲದರಲ್ಲೂ ಇದೇ ಕಥೆ. ಅತಿ ಅಗ್ಗದಲ್ಲಿ ಸರಿಯಾಗಬಹುದಾದ ತೊಂದರೆ ಇದು, ಹೊರಡುವ ಮುಂಚೆ ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗಬೇಕು ಅಷ್ಟೇ.

ಹಣ ನಿಂತ ದಿನ

ಗಲ್ಫ್ ಹಣ ಏರಿಳಿಯುವ ಒಂದು ರೀತಿ ಕುಟುಂಬದ ಕೈಯಲ್ಲೂ ಇಲ್ಲ, ದುಡಿಯುವವನ ಕೈಯಲ್ಲೂ ಇಲ್ಲ. ದಿರ್ಹಮ್ 1997ರಿಂದ ಡಾಲರ್‌ಗೆ ಕಟ್ಟಿಕೊಂಡಿದೆ, ಒಂದು ಡಾಲರ್‌ಗೆ 3.6725 ದಿರ್ಹಮ್. ಹಾಗಾಗಿ ರೂಪಾಯಿ ಬಿದ್ದಾಗೆಲ್ಲ ಗಲ್ಫ್ ಮನೆಗೆ ಸಂಬಳ ಏರಿದ ಹಾಗೆ ಕಾಣುತ್ತೆ. 2013ರ ಮೇ ತಿಂಗಳಿಂದ ಆಗಸ್ಟ್ ಕೊನೆಯೊಳಗೆ ದಿರ್ಹಮ್ ಬೆಲೆ ಸುಮಾರು 15ರಿಂದ 18 ರೂಪಾಯಿಗೂ ಮೇಲೆ ಹೋಯ್ತು. ಆದರೆ ಅಲ್ಲಿನ ಸಂಬಳ ಏರಿದ್ದಲ್ಲ. ಮನೆಯವರು ಈ ಏರಿಕೆಯನ್ನು ಕಾಯಂ ಅಂದುಕೊಂಡು ದೊಡ್ಡ ಕಂತಿನ ಸಾಲ ಮಾಡಿದರೆ ಅಪಾಯ. ದರ ಮತ್ತೆ ಇಳಿಯದೇ ಇದ್ದರೂ ಊರಿನ ಬೆಲೆಗಳು ಅದನ್ನು ನಿಧಾನಕ್ಕೆ ನುಂಗುತ್ತವೆ.

ಇನ್ನು ಕೆಲಸವೇ ಹೋದರೆ? ಯುಎಇ ಕಾನೂನಿನಲ್ಲಿ ಸೇವೆ ಮುಗಿದಾಗ ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನದ ಮೂಲ ವೇತನ ಕೊಡಬೇಕು. ಗಮನಿಸಿ, ಮೂಲ ವೇತನ. ನಮ್ಮ ಎಲೆಕ್ಟ್ರಿಷಿಯನ್‌ಗೆ ಕರಾರಿನಲ್ಲಿ 1,500 ಇದ್ದರೂ ಅದರಲ್ಲಿ ಮೂಲ ವೇತನ 900, ಉಳಿದದ್ದು ಭತ್ಯೆ ಅಂತ ಬರೆದಿದ್ದರೆ, ಎರಡು ವರ್ಷಕ್ಕೆ ಸಿಗೋದು 1,260 ದಿರ್ಹಮ್. ರೂಪಾಯಿಯಲ್ಲಿ 27,720. ಆತ ಒಂದು ತಿಂಗಳು ಕಳಿಸುತ್ತಿದ್ದ ಹಣಕ್ಕಿಂತ ಸ್ವಲ್ಪ ಹೆಚ್ಚು. 2020ರ ಕೋವಿಡ್ ಸಮಯದಲ್ಲಿ ಅದನ್ನೂ ಪಡೆಯದೆ, ಬಾಕಿ ಸಂಬಳವನ್ನೂ ಬಿಟ್ಟು ವಿಮಾನ ಹತ್ತಿದವರು ಬಹಳ ಜನ.

ಕೇರಳದ ಅಂಕಿಗಳಲ್ಲಿ ಇನ್ನೊಂದು ಬದಲಾವಣೆ ಕಾಣುತ್ತಿದೆ. ಅಲ್ಲಿಂದ ಹೊರದೇಶದಲ್ಲಿರುವವರು 2018ರಲ್ಲಿ ಸುಮಾರು 21 ಲಕ್ಷ, 2023ರಲ್ಲಿ ಸುಮಾರು 22 ಲಕ್ಷ. ಸಂಖ್ಯೆ ಹೆಚ್ಚೇನೂ ಬದಲಾಗಿಲ್ಲ, ಆದರೆ ಅದರೊಳಗೆ ವಿದ್ಯಾರ್ಥಿಗಳು ಸುಮಾರು 1.3 ಲಕ್ಷದಿಂದ 2.5 ಲಕ್ಷಕ್ಕೆ ಏರಿದ್ದಾರೆ. ಅಪ್ಪ ಗಲ್ಫ್‌ನಿಂದ ಕಳಿಸಿದ ಹಣದಲ್ಲಿ ಓದಿದ ಮಗಳು ಈಗ ಸಾಲ ಮಾಡಿ ಬ್ರಿಟನ್ನಿಗೋ ಕೆನಡಾಕ್ಕೋ ಹೋಗುತ್ತಿರಬಹುದು. ಅಲ್ಲಿ ಹಣ ಮೊದಲು ಹೊರಗೆ ಹೋಗುತ್ತೆ, ವಾಪಸ್ ಬರೋದು ಆಮೇಲಿನ ಮಾತು. ಏಜೆಂಟ್ ಹೋಗಿ ಕನ್ಸಲ್ಟೆಂಟ್ ಬಂದ, ಚಿನ್ನದ ಸಾಲದ ಜಾಗಕ್ಕೆ ಶಿಕ್ಷಣ ಸಾಲ ಬಂತು.

ಹೊರಡುವ ಮುಂಚೆ ನೋಡಬೇಕಾದ್ದು

ಭಾರತದ ವಲಸೆ ಕಾಯ್ದೆ 1983ರದ್ದು. ಅದರ ಕೆಳಗೆ ಹತ್ತನೇ ಕ್ಲಾಸ್ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಕರಾರು, ಸಂಬಳ ಎಲ್ಲ ಸರ್ಕಾರ ಒಮ್ಮೆ ನೋಡುತ್ತೆ ಅನ್ನೋದು ಇದರ ಉದ್ದೇಶ. ಈ ತಪಾಸಣೆ ತಪ್ಪಿಸೋಕೆ ಏಜೆಂಟರು ಮಾಡುವ ಉಪಾಯ ವಿಸಿಟ್ ವೀಸಾ. 'ಅಲ್ಲಿ ಹೋಗಿ ಬದಲಿಸಿಕೊಳ್ಳಬಹುದು' ಅನ್ನುತ್ತಾರೆ. ಕಂಪನಿ ಬದಲಿಸಿಕೊಡದಿದ್ದರೆ ಆತ ಅಲ್ಲಿ ಅಕ್ರಮ ನಿವಾಸಿ, ದೂರು ಕೊಡೋಕೂ ಹೆದರಬೇಕು. ಹತ್ತನೇ ಪಾಸಾದವರಿಗಂತೂ ಈ ಅನುಮತಿಯೇ ಬೇಕಿಲ್ಲ, ಅಂದರೆ ಅವರ ಕರಾರನ್ನು ಹಾಗೆ ಯಾರೂ ನೋಡೋದೇ ಇಲ್ಲ. ನಮ್ಮ ಎಲೆಕ್ಟ್ರಿಷಿಯನ್ ಈ ಗುಂಪಿನವನು.

ಹಾಗಾಗಿ ನೋಡುವ ಕೆಲಸ ಮನೆಯವರದ್ದೇ. ಏಜೆಂಟ್ ನೋಂದಾಯಿತನೇ ಅಂತ emigrate.gov.in ತಾಣದಲ್ಲಿ ನೋಡಬಹುದು. ಶುಲ್ಕಕ್ಕೆ ರಸೀದಿ ಕೊಡೋಲ್ಲ ಅಂದರೆ, ವಿಸಿಟ್ ವೀಸಾ ಅಂದರೆ, ಕರಾರಿನಲ್ಲಿ ಮೂಲ ವೇತನ ಬೇರೆಯಾಗಿ ಬರೆದಿಲ್ಲ ಅಂದರೆ ಈ ಮೂರರಲ್ಲಿ ಒಂದೊಂದೂ ಅಪಾಯದ ಗುರುತು. ಕೊನೆಗೆ ಮೇಲೆ ಮಾಡಿದ ಲೆಕ್ಕವನ್ನು ನಿಮ್ಮ ಅಂಕಿ ಹಾಕಿ ಮಾಡಿ. ಸಾಲ ತೀರೋಕೆ ಕರಾರಿನ ಅರ್ಧಕ್ಕಿಂತ ಹೆಚ್ಚು ತಿಂಗಳು ಬೇಕು ಅಂತಾದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಆ ಕುಟುಂಬ ಮುಳುಗುತ್ತೆ.

ಇದನ್ನು ಮನೆಯವರ ಜಾಣತನಕ್ಕೆ ಬಿಟ್ಟು ಸುಮ್ಮನಿರೋದು ನನಗೆ ಒಪ್ಪಿಗೆ ಇಲ್ಲ. ಚಿನ್ನಕ್ಕೆ, ಕಾರಿಗೆ, ವಿದೇಶಿ ಪದವಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುತ್ತೆ. ಕೆಲಸಕ್ಕೆ ಹೊರಡುವವನಿಗೆ ಕಾನೂನುಬದ್ಧ ಶುಲ್ಕದಷ್ಟು ಮಾತ್ರ, ರಸೀದಿ ತೋರಿಸಿದರೆ ಕಡಿಮೆ ಬಡ್ಡಿಯ ಸಾಲ ಕೊಡೋದು ದೊಡ್ಡ ಖರ್ಚಿನ ಮಾತಲ್ಲ. ಕೈಸಾಲದ ಮೂರು ಪರ್ಸೆಂಟ್ ತಪ್ಪುತ್ತೆ, ರಸೀದಿ ಇಲ್ಲದೆ ಸಾಲ ಇಲ್ಲ ಅಂದಾಗ ಏಜೆಂಟ್ ಕೇಳುವ ಹೆಚ್ಚುವರಿ ದುಡ್ಡೂ ಬೆಳಕಿಗೆ ಬರುತ್ತೆ. ವಿದೇಶದಿಂದ ಇಷ್ಟು ಲಕ್ಷ ಕೋಟಿ ಬಂತು ಅಂತ ಸರ್ಕಾರ ಮುಂದಿನ ಸಲ ಹೇಳಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಹಣ ಎಷ್ಟನೇ ತಿಂಗಳಿಂದ ಆ ಮನೆಯದ್ದಾಯ್ತು?